ಕಾಕಂಬಿಗೆ ಎಷ್ಟು ಬೆಲೆ? ಒಂದೇ ಕಂಪನಿಯ ಎರಡು ವಿಭಾಗಗಳ ನಡುವೆ ವರ್ಗಾವಣೆ ಬೆಲೆ ನಿಗದಿಪಡಿಸುವ ಕ್ರಮ

ಒಂದೇ ಕಂಪನಿಯ ಒಂದು ವಿಭಾಗ ತಯಾರಿಸಿದ ವಸ್ತುವನ್ನು ಇನ್ನೊಂದು ವಿಭಾಗ ಬಳಸಿಕೊಂಡಾಗ, ಆ ವಸ್ತುವಿಗೆ ಲೆಕ್ಕದ ಪುಸ್ತಕದಲ್ಲಿ ಹಾಕುವ ಬೆಲೆಯನ್ನು ವರ್ಗಾವಣೆ ಬೆಲೆ ಎನ್ನುತ್ತಾರೆ. ಇದರಲ್ಲಿ ಹಣ ಕಂಪನಿಯಿಂದ ಹೊರಗೆ ಹೋಗುವುದೂ ಇಲ್ಲ, ಹೊರಗಿನಿಂದ ಒಳಗೆ ಬರುವುದೂ ಇಲ್ಲ. ಆದರೂ ಯಾವ ವಿಭಾಗ ಲಾಭದಲ್ಲಿದೆ, ಯಾವುದು ನಷ್ಟದಲ್ಲಿದೆ ಎಂಬ ಚಿತ್ರಣವನ್ನು ಈ ಒಂದು ಬೆಲೆ ಪೂರ್ತಿ ತಿರುಗಿಸಬಲ್ಲದು. ಇದನ್ನು ತಿಳಿಯಲು ಕರ್ನಾಟಕದ ಓದುಗರಿಗೆ ಸಕ್ಕರೆ ಕಾರ್ಖಾನೆಗಿಂತ ಹತ್ತಿರದ ಉದಾಹರಣೆ ಸಿಗಲಾರದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಕಾರ್ಖಾನೆಗಳಲ್ಲಿ ಒಂದೇ ಆವರಣದೊಳಗೆ ಸಕ್ಕರೆ ವಿಭಾಗ, ಕಬ್ಬಿನ ಸಿಪ್ಪೆಯಾದ ಬಗಾಸ್ ಉರಿಸಿ ವಿದ್ಯುತ್ ಉತ್ಪಾದಿಸುವ ಸಹವಿದ್ಯುತ್ ಘಟಕ ಮತ್ತು ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ದ್ರವವಾದ ಕಾಕಂಬಿಯಿಂದ ಎಥೆನಾಲ್ ತೆಗೆಯುವ ಡಿಸ್ಟಿಲರಿ ಇರುತ್ತವೆ. ಮೂರೂ ವಿಭಾಗಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತವೆ. ಈ ಲೇಖನದಲ್ಲಿ ಸಕ್ಕರೆ ವಿಭಾಗದಿಂದ ಡಿಸ್ಟಿಲರಿಗೆ ಹೋಗುವ ಕಾಕಂಬಿಯ ಒಂದೇ ಎಳೆಯನ್ನು ಹಿಡಿದು, ಬೆಲೆಯನ್ನು ಹೇಗೆ ನಿಗದಿಪಡಿಸಬೇಕು, ನಿಗದಿಪಡಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಉದಾಹರಣೆಯ ಕಾರ್ಖಾನೆ ಕಾಲ್ಪನಿಕವಾದರೂ ಅದರ ಪ್ರಮಾಣಗಳು ಈ ಉದ್ಯಮದಲ್ಲಿ ಸಾಮಾನ್ಯವಾಗಿ ಕಾಣುವಂಥವು.

ಮೊದಲ ಹಂತ: ವರ್ಗಾವಣೆಗೆ ಮುನ್ನದ ಲೆಕ್ಕವನ್ನು ಪ್ರತ್ಯೇಕವಾಗಿ ಬರೆಯಿರಿ

ಬೆಲೆಯ ಚರ್ಚೆಗೆ ಕೂರುವ ಮುನ್ನ, ಕಾಕಂಬಿಯ ಬಾಬ್ತನ್ನು ಎರಡೂ ಕಡೆಯಿಂದ ತೆಗೆದುಹಾಕಿ ಪ್ರತಿ ವಿಭಾಗದ ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಹೆಚ್ಚಿನವರು ಈ ಕೆಲಸವನ್ನು ಬಿಟ್ಟು ನೇರವಾಗಿ ಬೆಲೆಯ ವಾದಕ್ಕೆ ಇಳಿಯುತ್ತಾರೆ, ಆ ವಾದಕ್ಕೆ ಕೊನೆ ಇರುವುದಿಲ್ಲ.

ನಮ್ಮ ಕಾರ್ಖಾನೆ ಒಂದು ಹಂಗಾಮಿನಲ್ಲಿ 9 ಲಕ್ಷ ಟನ್ ಕಬ್ಬು ನುರಿಸುತ್ತದೆ ಎಂದುಕೊಳ್ಳೋಣ. ಸಕ್ಕರೆಯನ್ನು ಪೂರ್ತಿಯಾಗಿ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿ, ಅಂದರೆ ಉದ್ಯಮದಲ್ಲಿ ಸಿ-ಹೆವಿ ಎಂದು ಕರೆಯುವುದು, ಕಬ್ಬಿನ ತೂಕದ ಶೇಕಡಾ 4.5ರಷ್ಟು ಬರುತ್ತದೆ. ಸುಲಭಕ್ಕಾಗಿ ಅದನ್ನು 40,000 ಟನ್ ಎಂದಿಟ್ಟುಕೊಳ್ಳೋಣ. ಸಕ್ಕರೆಯ ಮಾರಾಟ ಹಾಗೂ ಬಗಾಸಿನ ಬಾಬ್ತನ್ನು ಸೇರಿಸಿ, ಕಬ್ಬಿನ ಬೆಲೆ ಮತ್ತು ಎಲ್ಲ ಖರ್ಚುಗಳನ್ನು ಕಳೆದರೆ, ಕಾಕಂಬಿಯ ಆದಾಯ ಸೇರಿಸುವ ಮೊದಲು ಸಕ್ಕರೆ ವಿಭಾಗಕ್ಕೆ 22 ಕೋಟಿ ರೂಪಾಯಿ ನಷ್ಟ ಬರುತ್ತದೆ.

ಇನ್ನು ಡಿಸ್ಟಿಲರಿಯ ಕಡೆ ನೋಡೋಣ. ಒಂದು ಟನ್ ಸಿ-ಹೆವಿ ಕಾಕಂಬಿಯಿಂದ ಸುಮಾರು 225 ಲೀಟರ್ ಎಥೆನಾಲ್ ಸಿಗುತ್ತದೆ, ಹಾಗಾಗಿ 40,000 ಟನ್‌ನಿಂದ 90 ಲಕ್ಷ ಲೀಟರ್ ಬರುತ್ತದೆ. 2024-25ರ ಎಥೆನಾಲ್ ವರ್ಷಕ್ಕೆ ಕೇಂದ್ರ ಸರ್ಕಾರ ಸಿ-ಹೆವಿ ಎಥೆನಾಲ್‌ಗೆ ಲೀಟರಿಗೆ 57.97 ರೂಪಾಯಿ ನಿಗದಿಪಡಿಸಿತ್ತು. ಅದನ್ನು 58 ರೂಪಾಯಿ ಎಂದು ಹಿಡಿದರೆ ಮಾರಾಟ 52.2 ಕೋಟಿ ಆಗುತ್ತದೆ. ಹಬೆ, ಈಸ್ಟ್, ರಾಸಾಯನಿಕ, ತ್ಯಾಜ್ಯ ಸಂಸ್ಕರಣೆ ಮುಂತಾದ ಬದಲಾಗುವ ಖರ್ಚು ಲೀಟರಿಗೆ 8 ರೂಪಾಯಿಯಂತೆ 7.2 ಕೋಟಿ. ಸಂಬಳ, ಸವಕಳಿ, ಬಡ್ಡಿ ಸೇರಿದ ಸ್ಥಿರ ಖರ್ಚು 9 ಕೋಟಿ. ಕಾಕಂಬಿಗೆ ಏನನ್ನೂ ಕೊಡುವ ಮೊದಲು ಡಿಸ್ಟಿಲರಿಯ ಬಳಿ 36 ಕೋಟಿ ರೂಪಾಯಿ ಉಳಿಯುತ್ತದೆ.

ಒಂದು ಕಡೆ 22 ಕೋಟಿ ನಷ್ಟ, ಇನ್ನೊಂದು ಕಡೆ 36 ಕೋಟಿ ಉಳಿಕೆ. ಆದ್ದರಿಂದ ಕಂಪನಿಯ ಲಾಭ 14 ಕೋಟಿ. ಕಾಕಂಬಿಗೆ ಯಾವ ಬೆಲೆ ಹಾಕಿದರೂ ಈ 14 ಕೋಟಿ ಬದಲಾಗುವುದಿಲ್ಲ. ಬದಲಾಗುವುದು ಅದನ್ನು ಎರಡು ವಿಭಾಗಗಳಿಗೆ ಹಂಚುವ ರೀತಿ ಮಾತ್ರ. ಇದನ್ನು ಕೆಳಗಿನ ಪಟ್ಟಿಯಲ್ಲಿ ಕಾಣಬಹುದು. ವರ್ಷದಲ್ಲಿ ಬಂದ ಕಾಕಂಬಿಯೆಲ್ಲ ಆ ವರ್ಷವೇ ಎಥೆನಾಲ್ ಆಗಿ ಮಾರಾಟವಾಗಿದೆ ಎಂದು ಇಲ್ಲಿ ಹಿಡಿಯಲಾಗಿದೆ.

| ಟನ್ನಿಗೆ ವರ್ಗಾವಣೆ ಬೆಲೆ | ಸಕ್ಕರೆ ವಿಭಾಗ | ಡಿಸ್ಟಿಲರಿ | ಕಂಪನಿ |
|---|---|---|---|
| ₹5,000 | 2 ಕೋಟಿ ನಷ್ಟ | 16 ಕೋಟಿ ಲಾಭ | 14 ಕೋಟಿ |
| ₹8,000 | 10 ಕೋಟಿ ಲಾಭ | 4 ಕೋಟಿ ಲಾಭ | 14 ಕೋಟಿ |
| ₹10,000 | 18 ಕೋಟಿ ಲಾಭ | 4 ಕೋಟಿ ನಷ್ಟ | 14 ಕೋಟಿ |

ಟನ್ನಿಗೆ 1,000 ರೂಪಾಯಿ ಏರಿಸಿದರೆ 4 ಕೋಟಿ ರೂಪಾಯಿ ಒಂದು ವಿಭಾಗದ ಲೆಕ್ಕದಿಂದ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ‘ನಮ್ಮ ಡಿಸ್ಟಿಲರಿ ಬಂಗಾರದ ಮೊಟ್ಟೆ ಇಡುತ್ತಿದೆ, ಸಕ್ಕರೆ ಮಾತ್ರ ನಷ್ಟದ ಬಾಬ್ತು’ ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿಬಂದಾಗ, ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕಾಕಂಬಿಗೆ ಎಷ್ಟು ಬೆಲೆ ಹಾಕಿದ್ದೀರಿ ಎಂಬುದು.

ಎರಡನೆಯ ಹಂತ: ಕೆಳಗಿನ ಮಿತಿಯನ್ನೂ ಮೇಲಿನ ಮಿತಿಯನ್ನೂ ಕಂಡುಹಿಡಿಯಿರಿ

ಒಟ್ಟು ಲಾಭ ಬದಲಾಗದಿದ್ದರೆ ಯಾವ ಬೆಲೆಯಾದರೇನು ಎಂದು ಅನ್ನಿಸಬಹುದು. ಆದರೆ ವಿಭಾಗದ ಮುಖ್ಯಸ್ಥರು ತಮ್ಮ ಲೆಕ್ಕವನ್ನು ನೋಡಿಕೊಂಡೇ ತೀರ್ಮಾನ ಮಾಡುತ್ತಾರೆ. ಬೆಲೆ ತಪ್ಪಾಗಿದ್ದರೆ ಅವರು ತಮ್ಮ ವಿಭಾಗಕ್ಕೆ ಸರಿಯಾದ, ಆದರೆ ಕಂಪನಿಗೆ ನಷ್ಟ ತರುವ ತೀರ್ಮಾನವನ್ನು ಮಾಡಿಬಿಡುತ್ತಾರೆ. ಆಗ ಆ 14 ಕೋಟಿಯೇ ಕರಗತೊಡಗುತ್ತದೆ. ಆದ್ದರಿಂದ ಬೆಲೆ ಎರಡು ಮಿತಿಗಳ ನಡುವೆ ಇರಬೇಕು.

ಕೆಳಗಿನ ಮಿತಿಯೆಂದರೆ, ಕೊಡುವ ವಿಭಾಗ ಆ ವಸ್ತುವನ್ನು ಕೊಡುವುದರಿಂದ ನಿಜವಾಗಿ ಕಳೆದುಕೊಳ್ಳುವ ಮೊತ್ತ. ಸಿ-ಹೆವಿ ಕಾಕಂಬಿಗಾಗಿ ಪ್ರತ್ಯೇಕವಾಗಿ ಯಾರೂ ಖರ್ಚು ಮಾಡುವುದಿಲ್ಲ, ಸಕ್ಕರೆ ತೆಗೆಯುವಾಗ ಅದು ತಾನಾಗಿಯೇ ಬರುತ್ತದೆ. ಹಾಗಾಗಿ ಸಕ್ಕರೆ ವಿಭಾಗ ಕಳೆದುಕೊಳ್ಳುವುದು ಹೊರಗೆ ಮಾರಿದ್ದರೆ ಕೈಗೆ ಬರುತ್ತಿದ್ದ ಹಣವನ್ನು ಮಾತ್ರ. ಕಾರ್ಖಾನೆಯ ಗೇಟಿನಲ್ಲಿ ಮಾರುಕಟ್ಟೆ ಬೆಲೆ ಟನ್ನಿಗೆ 8,000 ರೂಪಾಯಿ ಇದ್ದು, ದಲ್ಲಾಳಿ ಕಮಿಷನ್ ಹಾಗೂ ಟ್ಯಾಂಕರಿಗೆ ತುಂಬಿಸುವ ಖರ್ಚು 300 ರೂಪಾಯಿ ಆದರೆ ಕೆಳಗಿನ ಮಿತಿ 7,700 ರೂಪಾಯಿ.

ಮೇಲಿನ ಮಿತಿಗೆ ಎರಡು ಅಂಕಿಗಳನ್ನು ಹೋಲಿಸಿ, ಕಡಿಮೆ ಇರುವುದನ್ನು ಹಿಡಿಯಬೇಕು. ಒಂದನೆಯದು, ಡಿಸ್ಟಿಲರಿ ಹೊರಗಿನಿಂದ ಕೊಂಡರೆ ತನ್ನ ಟ್ಯಾಂಕಿಗೆ ಬಂದು ಬೀಳುವ ಬೆಲೆ. ಬೇರೆ ಕಾರ್ಖಾನೆಯಿಂದ ತರಲು ಸಾಗಣೆ 600 ರೂಪಾಯಿ ಬಿದ್ದರೆ ಅದು 8,600 ರೂಪಾಯಿ ಆಗುತ್ತದೆ. ಎರಡನೆಯದು, ಎಥೆನಾಲ್ ಮಾರಿ ಬರುವ ಹಣದಲ್ಲಿ ಬದಲಾಗುವ ಖರ್ಚನ್ನು ಕಳೆದ ಮೇಲೆ ಕಾಕಂಬಿಗೆ ಗರಿಷ್ಠ ಎಷ್ಟು ಕೊಡಬಹುದು ಎಂಬುದು. 52.2 ಕೋಟಿಯಲ್ಲಿ 7.2 ಕೋಟಿ ಕಳೆದು 40,000 ಟನ್‌ನಿಂದ ಭಾಗಿಸಿದರೆ 11,250 ರೂಪಾಯಿ ಬರುತ್ತದೆ. ಈ ಎರಡರಲ್ಲಿ ಕಡಿಮೆಯಾದ 8,600 ರೂಪಾಯಿಯೇ ಮೇಲಿನ ಮಿತಿ.

ಈ 11,250ರ ಲೆಕ್ಕದಲ್ಲಿ ಸ್ಥಿರ ಖರ್ಚನ್ನು ಸೇರಿಸಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನೂ ಸೇರಿಸಿದರೆ 9,000 ರೂಪಾಯಿಗೇ ಡಿಸ್ಟಿಲರಿಯ ಲಾಭ ಸೊನ್ನೆಯಾಗುತ್ತದೆ. ಆದರೆ ಡಿಸ್ಟಿಲರಿಯನ್ನು ಈ ಹಂಗಾಮಿನಲ್ಲಿ ಮುಚ್ಚಿಟ್ಟರೂ ಸಂಬಳ ಮತ್ತು ಬಡ್ಡಿ ನಿಲ್ಲುವುದಿಲ್ಲ, ಆದ್ದರಿಂದ ಇಂದು ನಡೆಸಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಸ್ಥಿರ ಖರ್ಚನ್ನು ತರಬಾರದು. ಹೊಸ ಡಿಸ್ಟಿಲರಿ ಕಟ್ಟಬೇಕೇ ಎಂಬ ಪ್ರಶ್ನೆ ಬಂದಾಗ ಮಾತ್ರ 9,000ದ ಅಂಕಿ ಮುಖ್ಯವಾಗುತ್ತದೆ. ಈ ಎರಡು ಪ್ರಶ್ನೆಗಳನ್ನು ಬೆರೆಸಿ, ಚೆನ್ನಾಗಿ ನಡೆಯುತ್ತಿರುವ ಘಟಕವನ್ನು ‘ನಷ್ಟದಲ್ಲಿದೆ’ ಎಂದು ನಿಲ್ಲಿಸುವುದು ನಾನು ಕಂಡಂತೆ ಅಪರೂಪದ ತಪ್ಪೇನಲ್ಲ.

7,700 ಮತ್ತು 8,600ರ ನಡುವೆ ಎಲ್ಲಿ ಬೆಲೆ ನಿಗದಿಪಡಿಸಿದರೂ ಎರಡೂ ವಿಭಾಗಗಳಿಗೆ ತಮ್ಮತಮ್ಮೊಳಗೆ ವ್ಯವಹಾರ ಮಾಡುವುದೇ ಲಾಭದಾಯಕ. ಇದರ ಹೊರಗೆ ಹೋದರೆ ಏನಾಗುತ್ತದೆ ಎಂಬುದನ್ನು 10,000 ರೂಪಾಯಿಯ ಬೆಲೆಯಲ್ಲಿ ನೋಡಬಹುದು. ಆ ಬೆಲೆಯಲ್ಲಿ ಡಿಸ್ಟಿಲರಿಯ ಮುಖ್ಯಸ್ಥರಿಗೆ ಹೊರಗಿನ 8,600 ರೂಪಾಯಿ ಅಗ್ಗವಾಗಿ ಕಾಣುತ್ತದೆ. ಅವರು 10,000 ಟನ್ ಹೊರಗಿನಿಂದ ತರಿಸುತ್ತಾರೆ. ಸಕ್ಕರೆ ವಿಭಾಗ ತನ್ನ 10,000 ಟನ್ನನ್ನು ಹೊರಗೆ ಮಾರಿ ನಿವ್ವಳ 7,700ರಂತೆ ಪಡೆಯುತ್ತದೆ. ಕಂಪನಿ 8,600 ಕೊಟ್ಟು 7,700 ತೆಗೆದುಕೊಂಡಂತಾಯಿತು. ಟನ್ನಿಗೆ 900 ರೂಪಾಯಿಯಂತೆ 90 ಲಕ್ಷ ರೂಪಾಯಿ ಸಾಗಣೆ ಮತ್ತು ದಲ್ಲಾಳಿಯ ಪಾಲಾಗುತ್ತದೆ. ಡಿಸ್ಟಿಲರಿಯ ಲೆಕ್ಕದಲ್ಲಿ ಮಾತ್ರ ಅದೇ ವ್ಯವಹಾರ 1.4 ಕೋಟಿ ರೂಪಾಯಿ ಉಳಿತಾಯವೆಂದು ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಕಾಕಂಬಿಯ ಟ್ಯಾಂಕರುಗಳು ಗೇಟಿನೊಳಗೂ ಬರುತ್ತಿವೆ, ಹೊರಗೂ ಹೋಗುತ್ತಿವೆ ಎಂದಾದರೆ ವರ್ಗಾವಣೆ ಬೆಲೆ ಮಿತಿ ದಾಟಿದೆಯೆಂದು ಸಂಶಯಪಡಬೇಕು. ವೇ ಬ್ರಿಜ್‌ನ ರಿಜಿಸ್ಟರ್ ನೋಡಿದರೆ ಇದು ಗೊತ್ತಾಗುತ್ತದೆ.

ಕೆಳಗಿನ ಮಿತಿ ವರ್ಷವಿಡೀ ಒಂದೇ ಆಗಿರುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಲ್ಲ ಕಾರ್ಖಾನೆಗಳ ಟ್ಯಾಂಕುಗಳೂ ತುಂಬಿರುತ್ತವೆ, ಕಾಕಂಬಿಯ ಸಾಗಣೆ ಅಬಕಾರಿ ಇಲಾಖೆಯ ನಿಯಂತ್ರಣದಲ್ಲಿರುವುದರಿಂದ ಮನಸ್ಸು ಬಂದಂತೆ ಹೊರಗೆ ಕಳಿಸಲೂ ಆಗುವುದಿಲ್ಲ. ಟ್ಯಾಂಕ್ ತುಂಬಿದರೆ ಕಬ್ಬು ನುರಿಸುವುದನ್ನೇ ನಿಲ್ಲಿಸಬೇಕಾಗುತ್ತದೆ. ಅಂಥ ವಾರಗಳಲ್ಲಿ ಡಿಸ್ಟಿಲರಿ ಕಾಕಂಬಿಯನ್ನು ಎತ್ತಿಕೊಳ್ಳುವುದೇ ಸಕ್ಕರೆ ವಿಭಾಗಕ್ಕೆ ಉಪಕಾರ. ಆಗ ಕೆಳಗಿನ ಮಿತಿ 7,700ರಿಂದ ಬಹಳ ಕೆಳಕ್ಕೆ ಇಳಿದಿರುತ್ತದೆ. ನವೆಂಬರಿನಲ್ಲಿ ನಿಗದಿಪಡಿಸಿದ ಬೆಲೆಯನ್ನು ಹಂಗಾಮಿನ ಕೊನೆಯವರೆಗೂ ಎಳೆದುಕೊಂಡು ಹೋಗಬಾರದು ಎನ್ನುವುದಕ್ಕೆ ಇದೇ ಕಾರಣ.

ಮೂರನೆಯ ಹಂತ: ಬೆಲೆಯ ಆಧಾರವನ್ನು ಆರಿಸಿಕೊಳ್ಳಿ

ಮಾರುಕಟ್ಟೆ ಬೆಲೆ, ವೆಚ್ಚಾಧಾರಿತ ಬೆಲೆ, ಮಾತುಕತೆಯ ಬೆಲೆ ಎಂದು ಪಠ್ಯಪುಸ್ತಕಗಳು ಮೂರು ದಾರಿಗಳನ್ನು ತೋರಿಸುತ್ತವೆ. ಕಾಕಂಬಿಯ ವಿಷಯದಲ್ಲಿ ವೆಚ್ಚಾಧಾರಿತ ಬೆಲೆಯನ್ನು ಮೊದಲೇ ಬದಿಗಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಬ್ಬಿನ ಬೆಲೆ ಸಕ್ಕರೆ, ಬಗಾಸ್, ಕಾಕಂಬಿ ಎಲ್ಲಕ್ಕೂ ಸೇರಿದ್ದು. ಅದರಲ್ಲಿ ಕಾಕಂಬಿಯ ಪಾಲೆಷ್ಟು ಎಂದು ತೂಕದಿಂದ ಹಂಚಿದರೆ ಒಂದು ಉತ್ತರ, ಮಾರಾಟದ ಮೌಲ್ಯದಿಂದ ಹಂಚಿದರೆ ಇನ್ನೊಂದು ಉತ್ತರ. ಎರಡಕ್ಕೂ ಮೇಲೆ ಹೇಳಿದ ಮಿತಿಗಳಿಗೂ ಸಂಬಂಧವಿಲ್ಲ. ದಾಸ್ತಾನಿನ ಲೆಕ್ಕಮಾನದಂಡವಾದ ಇಂಡ್ ಎಎಸ್ 2 ಕೂಡ ದೊಡ್ಡದಲ್ಲದ ಉಪಉತ್ಪನ್ನಕ್ಕೆ ವೆಚ್ಚವನ್ನು ಹಂಚುವ ಗೊಡವೆಗೆ ಹೋಗದೆ, ಅದರ ನಿವ್ವಳ ಮಾರಾಟ ಮೌಲ್ಯವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವ ಪದ್ಧತಿಯನ್ನು ಒಪ್ಪುತ್ತದೆ.

ಹಾಗಾಗಿ ಮಾರುಕಟ್ಟೆ ಬೆಲೆಯೇ ಆಧಾರ. ಆದರೆ ಯಾವ ಮಾರುಕಟ್ಟೆ ಬೆಲೆ? ಸುತ್ತಮುತ್ತಲ ಕಾರ್ಖಾನೆಗಳು ಆ ತಿಂಗಳು ಟೆಂಡರಿನಲ್ಲಿ ನಿಜವಾಗಿ ಮಾರಿದ ಬೆಲೆಯನ್ನು ಹಿಡಿಯಬೇಕು. ಟ್ಯಾಂಕ್ ಖಾಲಿ ಮಾಡಲು ಅವಸರದಲ್ಲಿ ಮಾರಿದ ಸಣ್ಣ ಪ್ರಮಾಣದ ಬೆಲೆಯನ್ನಾಗಲಿ, ದಲ್ಲಾಳಿ ಬಾಯಿಮಾತಿನಲ್ಲಿ ಹೇಳಿದ ಬೆಲೆಯನ್ನಾಗಲಿ ಹಿಡಿಯಬಾರದು. ಸರ್ಕಾರದ ಒಂದು ಆದೇಶ ಈ ಬೆಲೆಯನ್ನು ರಾತ್ರೋರಾತ್ರಿ ಕದಲಿಸಬಹುದು ಎಂಬುದೂ ನೆನಪಿರಲಿ: 2024ರ ಜನವರಿಯಲ್ಲಿ ಕಾಕಂಬಿಯ ರಫ್ತಿನ ಮೇಲೆ ಶೇಕಡಾ 50ರಷ್ಟು ಸುಂಕ ಬಿದ್ದಾಗ, ಹೊರದೇಶದ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿತು.

ಬಿ-ಹೆವಿ ಕಾಕಂಬಿಯನ್ನು ಡಿಸ್ಟಿಲರಿಗೆ ಕೊಡುವ ಕಾರ್ಖಾನೆಗಳು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಬಿ-ಹೆವಿ ಎಂದರೆ ಇನ್ನೂ ತೆಗೆಯಬಹುದಾದ ಸಕ್ಕರೆ ಉಳಿದಿರುವಾಗಲೇ ಕಾಕಂಬಿಯನ್ನು ಬೇರ್ಪಡಿಸಿಕೊಂಡದ್ದು. ಅದರಿಂದ ಸಕ್ಕರೆ ಇಳುವರಿ ಒಂದೂವರೆ ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದುಕೊಂಡರೆ, ಒಂದು ಟನ್ ಕಬ್ಬಿನಲ್ಲಿ 15 ಕಿಲೋ ಸಕ್ಕರೆ ಕೈಬಿಟ್ಟಂತೆ. ಕಿಲೋಗೆ 38 ರೂಪಾಯಿಯಂತೆ ಅದು 570 ರೂಪಾಯಿ. ಜೊತೆಗೆ ಸಿಗಬೇಕಾಗಿದ್ದ 45 ಕಿಲೋ ಸಿ-ಹೆವಿ ಕಾಕಂಬಿಯ ಸುಮಾರು 346 ರೂಪಾಯಿಯೂ ಹೋಯಿತು. ಪ್ರತಿಯಾಗಿ ದೊರೆತ ಬಿ-ಹೆವಿ 65 ಕಿಲೋ ಇದ್ದರೆ, ಕೆಳಗಿನ ಮಿತಿ ಟನ್ನಿಗೆ 14,000 ರೂಪಾಯಿಯ ಆಸುಪಾಸಿನಲ್ಲಿ ಬರುತ್ತದೆ. ಎರಡೂ ಕಾಕಂಬಿಯೇ ಎಂದು ಸಿ-ಹೆವಿಯ 8,000 ರೂಪಾಯಿಯನ್ನೇ ಇದಕ್ಕೂ ಹಾಕಿದರೆ, ಸಕ್ಕರೆ ವಿಭಾಗದ ನಷ್ಟವೆಲ್ಲ ಡಿಸ್ಟಿಲರಿಯ ಲಾಭದ ವೇಷ ತೊಟ್ಟು ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯ ಹಂತ: ಗುಣಮಟ್ಟವನ್ನು ಬೆಲೆಗೆ ಕಟ್ಟಿಹಾಕಿ

ಡಿಸ್ಟಿಲರಿಗೆ ಬೇಕಾಗಿರುವುದು ಕಾಕಂಬಿಯ ತೂಕವಲ್ಲ, ಅದರೊಳಗಿನ ಸಕ್ಕರೆಯ ಅಂಶ. ಪ್ರಯೋಗಾಲಯದಲ್ಲಿ ಅಳೆಯುವ ಒಟ್ಟು ಅಪಕರ್ಷಕ ಸಕ್ಕರೆ, ಕಾರ್ಖಾನೆಯವರ ಮಾತಿನಲ್ಲಿ ಟಿಆರ್‌ಎಸ್, ಇದರ ಅಳತೆ. ಒಪ್ಪಂದದ ಬೆಲೆಯಾದ 8,000 ರೂಪಾಯಿಯನ್ನು ಶೇಕಡಾ 46 ಟಿಆರ್‌ಎಸ್‌ಗೆ ನಿಗದಿಪಡಿಸಿದ್ದೇವೆ ಎಂದುಕೊಳ್ಳೋಣ. ಬಂದ ಕಾಕಂಬಿಯಲ್ಲಿ 44 ಮಾತ್ರ ಇದ್ದರೆ ಎಥೆನಾಲ್ ಇಳುವರಿ 225 ಲೀಟರಿನಿಂದ ಸುಮಾರು 215 ಲೀಟರಿಗೆ ಇಳಿಯುತ್ತದೆ. ಇಡೀ ಹಂಗಾಮಿಗೆ ಇದು 4 ಲಕ್ಷ ಲೀಟರ್, ಅಂದರೆ 2.3 ಕೋಟಿ ರೂಪಾಯಿಯ ಮಾರಾಟ.

ಗುಣಮಟ್ಟದ ಷರತ್ತು ಇಲ್ಲದಿದ್ದರೆ ಈ ಕೊರತೆಯೆಲ್ಲ ಡಿಸ್ಟಿಲರಿಯ ಮೇಲೆ ಬೀಳುತ್ತದೆ. ತಿಂಗಳ ಸಭೆಯಲ್ಲಿ ಡಿಸ್ಟಿಲರಿಯ ಮುಖ್ಯಸ್ಥರು ‘ನೀವು ಕೊಟ್ಟದ್ದೇ ಸತ್ತ್ವವಿಲ್ಲದ ಮಾಲು’ ಎನ್ನುತ್ತಾರೆ, ಸಕ್ಕರೆ ವಿಭಾಗದವರು ‘ನಿಮ್ಮ ಹುದುಗುವಿಕೆಯೇ ಸರಿಯಿಲ್ಲ’ ಎನ್ನುತ್ತಾರೆ, ಮತ್ತು ಇಬ್ಬರ ಬಳಿಯೂ ಮಾದರಿ ಇರುವುದಿಲ್ಲ. ಇದಕ್ಕೆ ಪರಿಹಾರ ಸರಳ. ಕಾಕಂಬಿ ಸಕ್ಕರೆ ವಿಭಾಗದ ಟ್ಯಾಂಕಿನಿಂದ ಡಿಸ್ಟಿಲರಿಗೆ ಹರಿಯುವ ಜಾಗದಲ್ಲಿ ದಿನವೂ ಎರಡೂ ಕಡೆಯವರ ಎದುರು ಮಾದರಿ ತೆಗೆದು, ಒಂದು ಸೀಸೆಯನ್ನು ಮುದ್ರೆ ಹಾಕಿ ಇಡಬೇಕು, ಮತ್ತು ಬೆಲೆಯನ್ನು ಟಿಆರ್‌ಎಸ್‌ನ ಅನುಪಾತದಲ್ಲಿ ಹೊಂದಿಸಬೇಕು. 8,000ವನ್ನು 44ರಿಂದ ಗುಣಿಸಿ 46ರಿಂದ ಭಾಗಿಸಿದರೆ 7,652 ರೂಪಾಯಿ. ಆಗ ಸಕ್ಕರೆ ಪಾಕ ಕುದಿಸುವ ಪ್ಯಾನ್ ವಿಭಾಗದ ಅಜಾಗರೂಕತೆಯಿಂದ ಅಥವಾ ಬಿಸಿಲಿಗೆ ಕಾದ ಟ್ಯಾಂಕಿನಿಂದ ಆದ ಹಾನಿಯ ದೊಡ್ಡ ಪಾಲು ಅದಕ್ಕೆ ಕಾರಣರಾದವರ ಲೆಕ್ಕಕ್ಕೇ ಹೋಗುತ್ತದೆ.

ಐದನೆಯ ಹಂತ: ನಿಯಮವನ್ನು ಬರೆದಿಡಿ, ಮುಖ್ಯಸ್ಥರ ಬೋನಸ್ಸನ್ನು ಅದರಿಂದ ಬೇರ್ಪಡಿಸಿ

ನಿಯಮ ಒಂದೆರಡು ಪುಟ ಮೀರಬೇಕಾಗಿಲ್ಲ. ಬೆಲೆಯ ಮೂಲ ಯಾವುದು, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಗುಣಮಟ್ಟದ ಹೊಂದಾಣಿಕೆ ಹೇಗೆ, ಡಿಸ್ಟಿಲರಿ ಹೊರಗೆ ಕೊಳ್ಳಬಹುದೇ, ವಿವಾದ ಬಂದರೆ ಯಾರು ತೀರ್ಮಾನಿಸಬೇಕು ಎಂಬ ಐದು ವಿಷಯಗಳು ಅದರಲ್ಲಿ ಇದ್ದರೆ ಸಾಕು. ತಿಂಗಳಿಗೊಮ್ಮೆ ಬದಲಾಗುವ ಬೆಲೆ ಈ ಉದ್ಯಮಕ್ಕೆ ಹೊಂದುತ್ತದೆ. ಬೆಲೆಯನ್ನು ತಿಂಗಳು ಶುರುವಾಗುವ ಮೊದಲೇ ಪ್ರಕಟಿಸಬೇಕು. ತಿಂಗಳು ಮುಗಿದ ಮೇಲೆ ಹಿಂದಿನ ದಿನಾಂಕದಿಂದ ಬದಲಾಯಿಸುವ ಬೆಲೆಯಿಂದ ಯಾವ ತೀರ್ಮಾನವೂ ಸುಧಾರಿಸುವುದಿಲ್ಲ, ಲಾಭವನ್ನು ಬೇಕಾದ ಕಡೆ ತೋರಿಸುವ ಉದ್ದೇಶಕ್ಕೆ ಮಾತ್ರ ಅದು ಉಪಯೋಗವಾಗುತ್ತದೆ. ಲೆಕ್ಕಪರಿಶೋಧಕರು ಮಾರ್ಚ್ ತಿಂಗಳ ವೋಚರುಗಳಲ್ಲಿ ಮೊದಲು ಹುಡುಕಬೇಕಾದದ್ದೂ ಇಂಥ ತಿದ್ದುಪಡಿಯನ್ನೇ.

ವಿಭಾಗದ ಮುಖ್ಯಸ್ಥರ ಪ್ರೋತ್ಸಾಹಧನವನ್ನು ವಿಭಾಗದ ಲಾಭಕ್ಕೆ ಜೋಡಿಸಿದ್ದರೆ, ಮೇಲಿನ ಪಟ್ಟಿಯ ಪ್ರಕಾರ ಟನ್ನಿನ ಬೆಲೆಯ ಮೇಲೆ ನಡೆಯುವ ಒಂದು ಗಂಟೆಯ ವಾದ ಇಡೀ ವರ್ಷದ ಕೆಲಸಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಡಿಸ್ಟಿಲರಿಯವರನ್ನು ಟನ್ನಿಗೆ ಎಷ್ಟು ಲೀಟರ್ ತೆಗೆದರು, ಲೀಟರಿಗೆ ಎಷ್ಟು ಹಬೆ ಖರ್ಚಾಯಿತು ಎಂಬುದರಿಂದ, ಸಕ್ಕರೆಯವರನ್ನು ಇಳುವರಿ ಮತ್ತು ನಿಲುಗಡೆಯ ಗಂಟೆಗಳಿಂದ ಅಳೆಯುವುದು ಹೆಚ್ಚು ನ್ಯಾಯ.

ಆರನೆಯ ಹಂತ: ವರ್ಷಾಂತ್ಯದ ದಾಸ್ತಾನಿನಲ್ಲಿ ಅಡಗಿದ ಲಾಭವನ್ನು ತೆಗೆದುಹಾಕಿ

ಕಂಪನಿಯ ಒಟ್ಟು ಲಾಭ ಬದಲಾಗುವುದಿಲ್ಲ ಎಂಬ ಮಾತು ನಿಜವಾಗಬೇಕಾದರೆ ಈ ಹಂತ ತಪ್ಪಬಾರದು. ಕಬ್ಬು ನುರಿಸುವ ಹಂಗಾಮು ಮಾರ್ಚ್ ಹೊತ್ತಿಗೆ ಮುಗಿಯುತ್ತ ಬಂದಿರುವುದರಿಂದ, ಲೆಕ್ಕದ ವರ್ಷ ಕೊನೆಗೊಳ್ಳುವ ಮಾರ್ಚ್ 31ರಂದು ಡಿಸ್ಟಿಲರಿಯ ಟ್ಯಾಂಕುಗಳಲ್ಲಿ ಕಾಕಂಬಿ ತುಂಬಿರುತ್ತದೆ. ಅಂದು 10,000 ಟನ್ ಉಳಿದಿದೆ ಎಂದುಕೊಳ್ಳೋಣ. ಸಕ್ಕರೆ ವಿಭಾಗ ಅದನ್ನು 8,000ಕ್ಕೆ ‘ಮಾರಿ’ ತನ್ನ ಆದಾಯದಲ್ಲಿ ಸೇರಿಸಿದೆ, ಡಿಸ್ಟಿಲರಿ ಅದೇ ಬೆಲೆಗೆ ದಾಸ್ತಾನು ತೋರಿಸಿದೆ. ಆದರೆ ಕಂಪನಿ ಹೊರಗಿನ ಯಾರಿಗೂ ಏನನ್ನೂ ಮಾರಿಲ್ಲ. ಕಂಪನಿಯ ದೃಷ್ಟಿಯಲ್ಲಿ ಅದರ ಮೌಲ್ಯ ನಿವ್ವಳ ಮಾರಾಟ ಮೌಲ್ಯವಾದ 7,700 ರೂಪಾಯಿ. ಟನ್ನಿಗೆ 300ರಂತೆ 30 ಲಕ್ಷ ರೂಪಾಯಿಯನ್ನು ಒಟ್ಟು ಲೆಕ್ಕದಿಂದ ಕಳೆಯಬೇಕು. ಬೆಲೆ 10,000 ಇದ್ದಿದ್ದರೆ ಕಳೆಯಬೇಕಾದ ಮೊತ್ತ 2.3 ಕೋಟಿ ಆಗುತ್ತಿತ್ತು. ಇದನ್ನು ಮರೆತರೆ, ವರ್ಗಾವಣೆ ಬೆಲೆ ಏರಿಸಿದಷ್ಟೂ ಕಂಪನಿಯ ಲಾಭ ಏರಿದಂತೆ ಕಾಣುತ್ತದೆ.

ಪರೀಕ್ಷಿಸುವ ವಿಧಾನ ಹೀಗೆ: ಅದೇ ವರ್ಷದ ಲೆಕ್ಕವನ್ನು ಬೇರೊಂದು ವರ್ಗಾವಣೆ ಬೆಲೆ ಹಾಕಿ ಮತ್ತೊಮ್ಮೆ ಮಾಡಿ. ಕಂಪನಿಯ ಒಟ್ಟು ಲಾಭ ಒಂದು ರೂಪಾಯಿಯಷ್ಟು ಬದಲಾದರೂ ಎಲ್ಲೋ ಕಳೆಯುವುದು ಬಿಟ್ಟುಹೋಗಿದೆ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇಂಡ್ ಎಎಸ್ 108ರ ಪ್ರಕಾರ ವಿಭಾಗವಾರು ಫಲಿತಾಂಶ ಕೊಡುವಾಗ, ವಿಭಾಗಗಳ ನಡುವಿನ ವ್ಯವಹಾರಕ್ಕೆ ಯಾವ ಆಧಾರದ ಮೇಲೆ ಬೆಲೆ ಹಾಕಲಾಗಿದೆ ಎಂಬುದನ್ನೂ ತಿಳಿಸಬೇಕು. ಸಕ್ಕರೆ ಕಂಪನಿಯ ಷೇರು ಕೊಳ್ಳುವವರು ವಿಭಾಗವಾರು ಲಾಭದ ಅಂಕಿಗಳನ್ನು ನಂಬುವ ಮೊದಲು ವಾರ್ಷಿಕ ವರದಿಯ ಆ ಒಂದೆರಡು ಸಾಲುಗಳನ್ನು ಓದುವುದು ಒಳ್ಳೆಯದು. ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಆಧಾರ ಬದಲಾಗಿದ್ದರೆ ಎರಡು ವರ್ಷಗಳ ವಿಭಾಗದ ಲಾಭವನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಏಳನೆಯ ಹಂತ: ಬೆಲೆಯ ಮೇಲೆ ಕಣ್ಣಿಟ್ಟಿರುವ ಹೊರಗಿನವರನ್ನು ಗುರುತಿಸಿ

ಎರಡೂ ವಿಭಾಗಗಳು ಒಂದೇ ಕಂಪನಿಗೆ ಸೇರಿ, ಎರಡರ ಲಾಭಕ್ಕೂ ಒಂದೇ ದರದ ತೆರಿಗೆ ಇದ್ದರೆ ಆದಾಯ ತೆರಿಗೆ ಇಲಾಖೆಗೆ ಈ ಬೆಲೆಯಲ್ಲಿ ಹೆಚ್ಚಿನ ಆಸಕ್ತಿ ಇರುವುದಿಲ್ಲ. ಒಂದು ಘಟಕಕ್ಕೆ ಮಾತ್ರ ತೆರಿಗೆ ರಿಯಾಯಿತಿ ಇದ್ದಾಗ ಪರಿಸ್ಥಿತಿ ಬೇರೆ. 1961ರ ಕಾಯ್ದೆಯ 80-ಐಎ ಸೆಕ್ಷನ್ ವಿದ್ಯುತ್ ಘಟಕಗಳ ಲಾಭಕ್ಕೆ ರಿಯಾಯಿತಿ ಕೊಟ್ಟಿತ್ತು, ಜೊತೆಗೆ ಸ್ವಂತ ಘಟಕಗಳ ನಡುವಿನ ವರ್ಗಾವಣೆಯನ್ನು ಮಾರುಕಟ್ಟೆ ಮೌಲ್ಯದಲ್ಲೇ ಲೆಕ್ಕ ಹಾಕಬೇಕು ಎಂಬ ಷರತ್ತನ್ನೂ ಹಾಕಿತ್ತು. ಜಿಂದಾಲ್ ಸ್ಟೀಲ್ ಆ್ಯಂಡ್ ಪವರ್ ಕಂಪನಿ ತನ್ನದೇ ಕಾರ್ಖಾನೆಗೆ ಕೊಟ್ಟ ವಿದ್ಯುತ್ತಿಗೆ ಯೂನಿಟ್ಟಿಗೆ 3.72 ರೂಪಾಯಿ ಹಾಕಿತ್ತು. ಇಲಾಖೆಯವರು, ಉಳಿದ ವಿದ್ಯುತ್ತನ್ನು ವಿದ್ಯುತ್ ಮಂಡಳಿಗೆ 2.32 ರೂಪಾಯಿಗೆ ಮಾರಿದ್ದೀರಿ, ಅದೇ ಮಾರುಕಟ್ಟೆ ಬೆಲೆ ಎಂದರು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ವಾದವನ್ನು ಎತ್ತಿಹಿಡಿದು, ಮಂಡಳಿಯು ಕೈಗಾರಿಕೆಗಳಿಗೆ ವಿದ್ಯುತ್ ಮಾರುವ ದರವೇ ಮಾರುಕಟ್ಟೆ ಮೌಲ್ಯ ಎಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವಿವಾದವಿದ್ದದ್ದು ಮಾರುವವನ ಬೆಲೆ ಹಿಡಿಯಬೇಕೇ, ಕೊಳ್ಳುವವನ ಬೆಲೆ ಹಿಡಿಯಬೇಕೇ ಎಂಬುದರ ಬಗ್ಗೆ, ಅಂದರೆ ಎರಡನೆಯ ಹಂತದಲ್ಲಿ ಕಂಡ ಕೆಳಗಿನ ಮತ್ತು ಮೇಲಿನ ಮಿತಿಗಳ ಬಗ್ಗೆಯೇ. ಜಿಎಸ್‌ಟಿಯ ವಿಷಯದಲ್ಲಿ, ಎರಡೂ ವಿಭಾಗಗಳು ಒಂದೇ ರಾಜ್ಯದ ಒಂದೇ ನೋಂದಣಿಯಲ್ಲಿದ್ದರೆ ವರ್ಗಾವಣೆಗೆ ತೆರಿಗೆ ಬೀಳುವುದಿಲ್ಲ. ಡಿಸ್ಟಿಲರಿ ಮಹಾರಾಷ್ಟ್ರದಲ್ಲಿದ್ದು ಕಾಕಂಬಿ ಇಲ್ಲಿಂದ ಹೋದರೆ ಅದು ತೆರಿಗೆಗೆ ಒಳಪಟ್ಟ ಪೂರೈಕೆಯಾಗುತ್ತದೆ.

ಇನ್ನೊಬ್ಬ ಹೊರಗಿನವನು ಕಬ್ಬು ಬೆಳೆಗಾರ. ಸಿ. ರಂಗರಾಜನ್ ಸಮಿತಿ 2012ರಲ್ಲಿ, ಸಕ್ಕರೆ ಮತ್ತು ಉಪಉತ್ಪನ್ನಗಳ ಮೌಲ್ಯದ ಶೇಕಡಾ 70 ಅಥವಾ ಸಕ್ಕರೆಯೊಂದರದೇ ಮೌಲ್ಯದ ಶೇಕಡಾ 75 ರೈತನಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಮೊದಲನೆಯ ಸೂತ್ರವನ್ನು ಅನ್ವಯಿಸುವಾಗ ಕಾಕಂಬಿಗೆ ವರ್ಗಾವಣೆ ಬೆಲೆಯನ್ನೇ ಹಿಡಿದರೆ ಏನಾಗುತ್ತದೆ ಎಂದು ನೋಡೋಣ. ನಮ್ಮ ಕಾರ್ಖಾನೆ 8,000ದ ಬದಲು 5,000 ರೂಪಾಯಿ ತೋರಿಸಿದರೆ ಉಪಉತ್ಪನ್ನದ ಮೌಲ್ಯ 12 ಕೋಟಿ ಕಡಿಮೆಯಾಗುತ್ತದೆ. ಅದರ ಶೇಕಡಾ 70 ಎಂದರೆ 8.4 ಕೋಟಿ. 9 ಲಕ್ಷ ಟನ್ ಕಬ್ಬಿಗೆ ಹಂಚಿದರೆ ಟನ್ನಿಗೆ ಸುಮಾರು 93 ರೂಪಾಯಿ. ಸೂತ್ರದಿಂದ ಬರುವ ಬೆಲೆ, ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿಪಡಿಸುವ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿಗಿಂತ ಕೆಳಗಿದ್ದರೆ ರೈತನಿಗೆ ಎಫ್‌ಆರ್‌ಪಿಯೇ ಸಿಗುವುದರಿಂದ ಈ ವ್ಯತ್ಯಾಸ ಅವನ ಕೈಗೆ ತಟ್ಟುವುದಿಲ್ಲ, ಅದಕ್ಕಿಂತ ಮೇಲಿದ್ದರೆ ಪೂರ್ತಿ ತಟ್ಟುತ್ತದೆ. ಉಪಉತ್ಪನ್ನಗಳ ಲಾಭದಲ್ಲಿ ಪಾಲು ಕೇಳುವ ರೈತ ಸಂಘಟನೆಗಳು ಎಥೆನಾಲ್ ಮಾರಾಟದ ಒಟ್ಟು ಮೊತ್ತವನ್ನು ಕೇಳುವುದಕ್ಕಿಂತ, ಕಾರ್ಖಾನೆ ತನ್ನ ಡಿಸ್ಟಿಲರಿಗೆ ಕಾಕಂಬಿಯನ್ನು ಪ್ರತಿ ತಿಂಗಳು ಯಾವ ಬೆಲೆಗೆ ಕೊಟ್ಟಿತು ಮತ್ತು ಅದೇ ತಿಂಗಳು ನೆರೆಯ ಕಾರ್ಖಾನೆಗಳ ಟೆಂಡರ್ ಬೆಲೆ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಕೇಳಿ ಪಡೆದರೆ ಲೆಕ್ಕ ಬೇಗ ತಿಳಿಯಾಗುತ್ತದೆ.